ಕಳವಾದ ಒಡವೆಯ ತೂಕ ಯಾವ ಕಾಗದದಲ್ಲಿದೆ?

ರಾಜಘಟ್ಟದ ಒಂದು ಮನೆಯವರು ಬಾಗಿಲಿಗೆ ಬೀಗ ಹಾಕಿಕೊಂಡು ಘಾಟಿ ಜಾತ್ರೆಗೆ ಹೋಗಿದ್ದಾರೆ, ಮರಳಿ ಬರುವಷ್ಟರಲ್ಲಿ ಬೀಗ ಮುರಿದು, ಬೀರು ಬಗೆದು, ಅವಲಕ್ಕಿ ಸರ, ಎರಡು ಬಳೆ, ಟಿ.ವಿ., ಒಂದು ಮೊಬೈಲು ಹೋಗಿವೆ ಎಂದುಕೊಳ್ಳೋಣ. ಮನೆಗೆ ಕಳ್ಳತನದ ವಿಮೆ ಇದೆ. ಈ ಮನೆಯವರಿಗೆ ಎಷ್ಟು ಹಣ ಸಿಗುತ್ತದೆ ಎಂಬುದು ವಿಮಾ ಕಚೇರಿಯಲ್ಲಿ ತೀರ್ಮಾನವಾಗುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ಬಹುಪಾಲು ಅದು ಅದಕ್ಕೂ ಮೊದಲೇ, ಠಾಣೆಗೆ ಕೊಟ್ಟ ಮೊದಲ ದೂರಿನಲ್ಲಿ ಮತ್ತು ಕಳವಿಗೂ ಎಷ್ಟೋ ದಿನ ಮುಂಚೆ ಹುಟ್ಟಿದ ಒಂದೆರಡು ಚೀಟಿಗಳಲ್ಲಿ ತೀರ್ಮಾನವಾಗಿರುತ್ತದೆ. ದೂರು ಹೇಳುವುದನ್ನೇ ಚೀಟಿ ಹೇಳಬೇಕು, ಚೀಟಿ ಹೇಳುವುದನ್ನೇ ಬೆಲೆಯ ಲೆಕ್ಕ ಹೇಳಬೇಕು. ಈ ಮೂರರಲ್ಲಿ ಒಂದು ಬೇರೆ ಮಾತಾಡಿದರೂ ಕ್ಲೇಮು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಎಲ್ಲಕ್ಕಿಂತ ಮೊದಲು ಬೀಗದ ವಿಷಯ. ವಿಮೆಯ ಭಾಷೆಯಲ್ಲಿ ಕನ್ನಗಳ್ಳತನ ಎಂದರೆ ಸಾಮಾನ್ಯವಾಗಿ ಬಲ ಪ್ರಯೋಗಿಸಿ ಒಳನುಗ್ಗಿ ಅಥವಾ ಹೊರಬಂದು ಮಾಡಿದ ಕಳವು. 2004ರಲ್ಲಿ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಮತ್ತು ಹರ್ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತವಾಗಿ ಹೇಳಿತು: ಪಾಲಿಸಿಯಲ್ಲಿ ಬಲಪ್ರಯೋಗ ಬೇಕೆಂದು ಬರೆದಿದ್ದರೆ, ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರವಿಲ್ಲ. ಹೂಕುಂಡದ ಕೆಳಗೆ ಬಚ್ಚಿಟ್ಟ ಕೀಲಿ ತೆಗೆದು ಕಳ್ಳ ಒಳಹೋಗಿದ್ದರೆ ನಷ್ಟ ಅಷ್ಟೇ ಇದ್ದರೂ ಕ್ಲೇಮು ಬೀಳಬಹುದು. ಹಾಗಾಗಿ ಮುರಿದ ಬೀಗ, ಸಲಾಕೆಯಿಂದ ಮೀಟಿದ ಚೌಕಟ್ಟು, ಬಗ್ಗಿದ ಚಿಲಕ ಇವೇ ಮೊದಲ ಸಾಕ್ಷಿ. ಅವನ್ನು ಮುಟ್ಟದೆ 112ಕ್ಕೆ ಕರೆ ಮಾಡಿ, ಬೆರಳಚ್ಚಿನವರು ಬರುವವರೆಗೂ ಮನೆ ಗುಡಿಸದೆ ಬಿಡಬೇಕು. ಪೊಲೀಸರು ಪಂಚರ ಮುಂದೆ ಸ್ಥಳ ಮಹಜರು ಬರೆಯುವಾಗ ಯಾವ ಬಾಗಿಲು, ಯಾವ ಬೀಗ, ಹೇಗೆ ಮುರಿದಿದೆ ಎಂಬುದು ಅದರಲ್ಲಿ ಸೇರಿತೇ ಎಂದು ಓದಿಸಿ ಕೇಳಬೇಕು. ಒಂದು ಮಾತು ಇಲ್ಲೇ ಹೇಳಿಬಿಡಬೇಕು: 2021ರಿಂದ ಎಲ್ಲ ಕಂಪನಿಗಳೂ ಮಾರುವ ‘ಭಾರತ್ ಗೃಹ ರಕ್ಷಾ’ ಮುಖ್ಯವಾಗಿ ಬೆಂಕಿ, ನೆರೆ, ಭೂಕಂಪದಂಥ ಅನಾಹುತಗಳಿಗೆ. ಅಂಥ ಅನಾಹುತದ ಬೆನ್ನಿಗೆ, ಏಳು ದಿನದೊಳಗೆ ಆದ ಕಳವಷ್ಟೇ ಅದರಲ್ಲಿ ಸೇರುತ್ತದೆ. ಬರಿ ಕನ್ನಗಳ್ಳತನಕ್ಕೆ ಬೇರೆ ರಕ್ಷಣೆ ತೆಗೆದುಕೊಂಡಿರಬೇಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯವರು ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಯವರಿಗೆ ಬರಹದಲ್ಲಿ ಕಳುಹಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಬರಿ ದೂರು ಸ್ವೀಕೃತಿ ಚೀಟಿಯಿಂದ ವಿಮೆಯ ಕೆಲಸ ಆಗುವುದಿಲ್ಲ. ಅದೇ ದಿನ ವಿಮಾ ಕಂಪನಿಗೂ ತಿಳಿಸಿ ಕ್ಲೇಮಿನ ಸಂಖ್ಯೆ ಪಡೆದಿಟ್ಟುಕೊಳ್ಳಬೇಕು. ದೂರಿನಲ್ಲಿ ‘ಸುಮಾರು ಆರು ಲಕ್ಷದ ಚಿನ್ನದ ಒಡವೆ’ ಎಂದು ಬರೆಸುವುದು ನಮ್ಮಲ್ಲಿ ರೂಢಿ. ಈ ಒಂದು ಸಾಲು ಮುಂದೆ ಬಹಳ ತೊಂದರೆ ಕೊಡುತ್ತದೆ. ಬೆಲೆ ದಿನದಿನಕ್ಕೆ ಬದಲಾಗುವ ಸಂಗತಿ, ತೂಕ ಬದಲಾಗುವುದಿಲ್ಲ. ‘ಅವಲಕ್ಕಿ ಸರ ಒಂದು, 40 ಗ್ರಾಂ, ಬಳೆ ಎರಡು, ಒಟ್ಟು 20 ಗ್ರಾಂ’ ಎಂದು ಒಂದೊಂದನ್ನೂ ಹೆಸರಿಸಿ ಬರೆಸಬೇಕು. ಗಾಬರಿಯಲ್ಲಿ ಎಲ್ಲ ಹೇಗೆ ನೆನಪಾಗುತ್ತದೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಎಫ್‌ಐಆರ್‌ನಲ್ಲಿ ಎಲ್ಲವೂ ಇರಲೇಬೇಕೆಂದು ಕಾನೂನು ಹೇಳುವುದಿಲ್ಲ, ಬಿಟ್ಟುಹೋದದ್ದನ್ನು ತನಿಖಾಧಿಕಾರಿಗೆ ಪೂರಕ ಹೇಳಿಕೆಯಾಗಿ ಕೊಡಬಹುದು. ಆದರೆ ಅದು ಎರಡು ಮೂರು ದಿನದೊಳಗೆ, ಬರಹದಲ್ಲಿ ಆಗಬೇಕು. ತಿಂಗಳಾದ ಮೇಲೆ ಕ್ಲೇಮಿನ ಅರ್ಜಿಯಲ್ಲಿ ಮೊದಲ ಬಾರಿ ಕಾಣಿಸಿಕೊಂಡ ಉಂಗುರವನ್ನು ಯಾವ ಸರ್ವೇಯರನೂ ಸುಲಭವಾಗಿ ನಂಬುವುದಿಲ್ಲ.

ಇನ್ನು ಒಡವೆ ನಿಮ್ಮದೇ ಎಂಬುದಕ್ಕೆ ಪುರಾವೆ. ಅಜ್ಜಿಯ ಕಾಲದ ಸರಕ್ಕೆ ಬಿಲ್ಲು ಎಲ್ಲಿಂದ ತರುವುದು ಎಂಬ ಆಕ್ಷೇಪ ಹಳ್ಳಿಯ ಮನೆಗಳಲ್ಲಿ ಬಹಳ ಗಟ್ಟಿ, ಬಿಲ್ಲನ್ನೇ ಹಠ ಹಿಡಿದು ಕೇಳುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೆ ಇದೇ ಮನೆಗಳಲ್ಲಿ ಬಿಲ್ಲಿಗಿಂತ ಮೇಲಾದ ಒಂದು ಕಾಗದ ಇರುತ್ತದೆ: ಒಡವೆ ಸಾಲದ ಚೀಟಿ. ಬಿತ್ತನೆಗೋ ಮದುವೆಗೋ ಅದೇ ಸರವನ್ನು ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಅಡವಿಟ್ಟಿದ್ದರೆ, ಅಲ್ಲಿನ ಚಿನ್ನ ಪರೀಕ್ಷಕ ಒಡವೆಯ ಹೆಸರು, ಒಟ್ಟು ತೂಕ, ಕಲ್ಲು ಮತ್ತು ಅರಗು ಕಳೆದ ನಿವ್ವಳ ತೂಕ, ಚಿನ್ನದ ಶುದ್ಧತೆ ಬರೆದಿರುತ್ತಾನೆ. ಕಳವಿನೊಂದಿಗೆ ಸಂಬಂಧವೇ ಇಲ್ಲದ ಮೂರನೆಯವರು, ಕಳವಿಗೂ ಮುಂಚೆ, ತಕ್ಕಡಿಯಲ್ಲಿ ಇಟ್ಟು ಬರೆದ ಮಾತು ಅದು. ಸಾಲ ತೀರಿಸಿ ಒಡವೆ ಬಿಡಿಸಿಕೊಂಡಿದ್ದರೂ ಬ್ಯಾಂಕಿನಲ್ಲಿ ಆ ದಾಖಲೆಯ ಪ್ರತಿ ಕೇಳಿ ನೋಡಬೇಕು. ಅದರ ಜೊತೆಗೆ ಆ ಸರ ಕೊರಳಲ್ಲಿರುವ ಮದುವೆ ಫೋಟೊ ಇಟ್ಟರೆ ಸರ್ವೇಯರನ ಕೈಗೆ ತೂಕವೂ ಆಕಾರವೂ ಸಿಕ್ಕಂತೆ. ಈಚೆಗೆ ಕೊಂಡ ಒಡವೆಗೆ ದಾರಿ ಇನ್ನೂ ಸಲೀಸು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಒಡವೆಗಳ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತದೆ. ಅದನ್ನು ಬಿಲ್ಲಿನ ಹಿಂದೆ ಗುರುತು ಹಾಕಿಕೊಂಡಿದ್ದರೆ ಒಡವೆ ಸಿಕ್ಕಿದಾಗ ಪತ್ತೆಹಚ್ಚುವುದಕ್ಕೂ ಅನುಕೂಲ.

ಬೆಲೆಯ ಲೆಕ್ಕದಲ್ಲಿ ಬಹಳ ಜನರಿಗೆ ಆಘಾತ ಕಾದಿರುತ್ತದೆ. ಲೆಕ್ಕದ ಸಲುವಾಗಿ 22 ಕ್ಯಾರಟ್ ಚಿನ್ನ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹೋದದ್ದು ನಿವ್ವಳ 60 ಗ್ರಾಂ, ಅಂದರೆ ಆರು ಲಕ್ಷ. ಹಳೆಯ ಒಡವೆಯ ಮಜೂರಿ, ವೇಸ್ಟೇಜು ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ, ಕಲ್ಲಿನ ತೂಕ ಕಳೆದುಹೋಗುತ್ತದೆ. ಮನೆಯಲ್ಲಿದ್ದ ಒಡವೆ ಒಟ್ಟು 80 ಗ್ರಾಂ, ಎಂಟು ಲಕ್ಷ. ಪಾಲಿಸಿ ಮಾಡಿಸಿದಾಗ ಚಿನ್ನ ಅಗ್ಗವಾಗಿತ್ತು, ಒಡವೆಗೆ ನಾಲ್ಕು ಲಕ್ಷ ಎಂದು ಬರೆಸಿದ್ದರು. ಹಾಗಾದರೆ ನಾಲ್ಕು ಲಕ್ಷ ಬರುತ್ತದೆಯೇ? ಪಾಲಿಸಿಯಲ್ಲಿ ಸರಾಸರಿ ಷರತ್ತು ಇದ್ದರೆ ಬರುವುದಿಲ್ಲ. ಇದ್ದ ಮಾಲಿನ ಅರ್ಧಕ್ಕಷ್ಟೇ ವಿಮೆ ಇದ್ದುದರಿಂದ ನಷ್ಟದ ಅರ್ಧ, ಮೂರು ಲಕ್ಷ ಮಾತ್ರ ಬರುತ್ತದೆ. ಕಂತು ಕಟ್ಟಿದ್ದೇ ಅರ್ಧಕ್ಕೆ ಎಂಬುದು ಕಂಪನಿಯ ವಾದ. ಅದರಲ್ಲಿ ತರ್ಕವಿದೆ, ಆದರೆ ಚಿನ್ನದ ದರ ಏರಿದ ಹಾಗೆ ಮನೆಯವರು ತಮಗೆ ಗೊತ್ತಿಲ್ಲದೆಯೇ ಅರೆವಿಮೆಗೆ ಇಳಿದುಬಿಡುತ್ತಾರೆ. ಪ್ರತಿ ನವೀಕರಣದಲ್ಲೂ ಗ್ರಾಂ ಲೆಕ್ಕ ಹಿಡಿದು ಮೊತ್ತ ಏರಿಸುವುದೇ ಇದಕ್ಕೆ ಉಪಾಯ.

ಎಲೆಕ್ಟ್ರಾನಿಕ್ ಸಾಮಾನಿನ ಲೆಕ್ಕ ತಿರುಗುಮುರುಗು, ಅಲ್ಲಿ ಬೆಲೆ ಇಳಿಯುತ್ತದೆ. ಮೂರು ವರ್ಷದ ಹಿಂದೆ 40,000ಕ್ಕೆ ಕೊಂಡ ಟಿ.ವಿ.ಯಂಥದೇ ಇಂದು 36,000ಕ್ಕೆ ಸಿಗುತ್ತಿದ್ದು, ವರ್ಷಕ್ಕೆ ಶೇ. 10 ಸವಕಳಿ ಹಿಡಿದರೆ ಸಿಗುವುದು 25,200. ಮೊಬೈಲಿಗೆ ಐಎಂಇಐ ಸಂಖ್ಯೆಯೇ ಗುರುತು. ಕೊಂಡ ಡಬ್ಬಿಯ ಮೇಲೂ ಬಿಲ್ಲಿನಲ್ಲೂ ಅದು ಇರುತ್ತದೆ. ಎಫ್‌ಐಆರ್‌ನಲ್ಲಿ ಅದನ್ನು ಬರೆಸಿ, ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ಜಾಲತಾಣದಲ್ಲಿ ಮೊಬೈಲನ್ನು ತಡೆಹಿಡಿಸಬೇಕು.

ಕಳ್ಳ ಸಿಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ‘ಸಿ’ ವರದಿ ಸಲ್ಲಿಸುತ್ತಾರೆ, ವಿಮಾ ಕಂಪನಿ ಅದರ ಪ್ರತಿ ಕೇಳುವುದುಂಟು. ಹಣ ಬಂದ ಮೇಲೆ ಒಡವೆ ಸಿಕ್ಕರೆ ಅದರ ಮೇಲಿನ ಹಕ್ಕು ಕೊಟ್ಟ ಹಣದ ಮಟ್ಟಿಗೆ ಕಂಪನಿಯದು, ಮನೆಯವರು ಮುಚ್ಚಿಡುವಂತಿಲ್ಲ. ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಆದರೆ ಅಲ್ಲೂ ಮೊದಲು ಕೇಳುವುದು ಎಫ್‌ಐಆರ್ ಪಟ್ಟಿ ಮತ್ತು ತೂಕದ ಚೀಟಿಯನ್ನೇ. ಇದನ್ನು ಓದಿದವರು ತಮ್ಮ ಒಡವೆ ಸಾಲದ ಚೀಟಿಗಳ ಫೋಟೊ ತೆಗೆದು ಬೇರೆ ಊರಿನ ಮಗನಿಗೋ ಮಗಳಿಗೋ ಇಂದೇ ಕಳುಹಿಸಿಡಲಿ. ಬೀರುವಿನೊಳಗೆ ಒಡವೆಯ ಪಕ್ಕದಲ್ಲೇ ಇಟ್ಟ ಚೀಟಿ ಒಡವೆಯ ಜೊತೆಗೇ ಹೋಗುತ್ತದೆ.