ಬಾಗಿಲು ದಾಟಿದ ಮೇಲಿನ ಐದು ಸೆಕೆಂಡು

ಟೀಮ್ ಶೂಟರ್ ಆಟಗಳಲ್ಲಿ ಸತ್ತವನು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹುಟ್ಟಿ ಬರುತ್ತಾನೆ. ಹುಟ್ಟುವ ಆ ಜಾಗವೇ ಸ್ಪಾನ್ ಪಾಯಿಂಟ್. ಎದುರಾಳಿಗಳು ಅದರ ಬಾಯಲ್ಲೇ ಬಂದೂಕು ಹಿಡಿದು ಕಾದಿದ್ದು, ಬಂದವರನ್ನು ಬಂದ ಹಾಗೆ ಹೊಡೆದು ಉರುಳಿಸುವುದಕ್ಕೆ ಸ್ಪಾನ್ ಕ್ಯಾಂಪಿಂಗ್ ಎನ್ನುತ್ತಾರೆ. ಅದಕ್ಕೆ ಸಿಕ್ಕಿಕೊಂಡ ತಂಡಕ್ಕೆ ಆಡಲು ಏನೂ ಉಳಿಯುವುದಿಲ್ಲ. ಕ್ಯಾಂಪಿಂಗ್ ಮಾಡುವವರನ್ನು ಬೈದುಕೊಳ್ಳುವುದು ಸುಲಭ. ಆದರೆ ಅದಕ್ಕೆ ಎಡೆ ಮಾಡಿಕೊಡುವುದು ಬಹುಪಾಲು ಮ್ಯಾಪ್‌ನ ವಿನ್ಯಾಸವೇ ಎಂಬುದು ನನ್ನ ಅನಿಸಿಕೆ.

ವಾಲ್ವ್ ಕಂಪನಿ 2007ರಲ್ಲಿ ಹೊರತಂದ ಟೀಮ್ ಫೋರ್ಟ್ರೆಸ್ 2 ಆಟವನ್ನೇ ನೋಡಿ. ಅದರ ಪೇಲೋಡ್ ಮಾದರಿಯಲ್ಲಿ ನೀಲಿ ತಂಡ ಬಾಂಬು ಹೇರಿದ ಗಾಡಿಯೊಂದನ್ನು ಹಳಿಯ ಮೇಲೆ ತಳ್ಳಿಕೊಂಡು ಹೋಗುತ್ತದೆ, ಕೆಂಪು ತಂಡ ತಡೆಯುತ್ತದೆ. ಹಾಗಾಗಿ ಕಾಳಗದ ಜಾಗ ಒಂದೇ ದಿಕ್ಕಿನಲ್ಲಿ ಸರಿಯುತ್ತಾ ಕೊನೆಗೆ ಕೆಂಪು ತಂಡದ ಮನೆಬಾಗಿಲಿಗೇ ಬರುತ್ತದೆ. ಅಂದರೆ ಕ್ಯಾಂಪಿಂಗ್‌ನ ಅಪಾಯ ಈ ಆಟದ ಹುಟ್ಟಿನಲ್ಲೇ ಇದೆ.

ಇಲ್ಲಿ ಆಟಗಾರರು ಬಯಲಲ್ಲಿ ಹುಟ್ಟುವುದಿಲ್ಲ, ಕೋಣೆಯೊಂದರಲ್ಲಿ ಹುಟ್ಟುತ್ತಾರೆ. ಬಾಗಿಲು ಸ್ವಂತ ತಂಡದವರಿಗೆ ಮಾತ್ರ ತೆರೆಯುತ್ತದೆ. ಮ್ಯಾಪ್ ಕಟ್ಟುವವರು ಬಾಯಿಗೆ `func_respawnroomvisualizer` ಎಂಬ ಅಡ್ಡಪರದೆ ಹಾಕಿರುತ್ತಾರೆ, ಎದುರಾಳಿ ಅದನ್ನು ದಾಟಿ ಒಳಗೆ ಕಾಲಿಡಲಾರ. ಒಳಗೊಂದು ಬೀರು ಇರುತ್ತದೆ, ಅದನ್ನು ಮುಟ್ಟಿದರೆ ಗಾಯವೆಲ್ಲ ವಾಸಿಯಾಗಿ ಮದ್ದುಗುಂಡು ತುಂಬಿಕೊಳ್ಳುತ್ತದೆ. ಇಷ್ಟಿದ್ದ ಮೇಲೆ ಇನ್ನೇನು ಭಯ ಎನಿಸಬಹುದು. ಆದರೆ ಕೋಣೆಯೊಳಗೆ ಕೂತು ಗೆಲ್ಲಲಾಗದು. ಗಾಡಿ ತಡೆಯಬೇಕಾದರೆ ಹೊರಗೆ ಬರಲೇಬೇಕು, ಬಾಗಿಲು ದಾಟಿದ ಮೇಲಿನ ನಾಲ್ಕೈದು ಸೆಕೆಂಡುಗಳಲ್ಲೇ ಪ್ರಾಣ ಹೋಗುವುದು.

ಈ ನಾಲ್ಕೈದು ಸೆಕೆಂಡಿನ ಲೆಕ್ಕ ಊಹೆಯದಲ್ಲ. ಎಂಜಿನಿಯರ್ ಪಾತ್ರ ನಿಲ್ಲಿಸುವ ಸೆಂಟ್ರಿ ಗನ್ ತಾನಾಗಿ ಗುರಿಯಿಟ್ಟು ಹೊಡೆಯುವ ಯಂತ್ರ. ಅದರ ವ್ಯಾಪ್ತಿ ಆಟದ ಅಳತೆಯಲ್ಲಿ 1,100 ಯೂನಿಟ್. ಸೋಲ್ಜರ್ ಸೆಕೆಂಡಿಗೆ 240 ಯೂನಿಟ್ ಓಡುತ್ತಾನೆ. ಅಷ್ಟು ದೂರ ದಾಟಲು ಅವನಿಗೆ ನಾಲ್ಕೂವರೆ ಸೆಕೆಂಡಿಗೂ ಹೆಚ್ಚು ಬೇಕು, ಅಷ್ಟು ಹೊತ್ತು ಯಾರೂ ಆ ಗುಂಡಿನ ಮಳೆಯಲ್ಲಿ ಬದುಕುವುದಿಲ್ಲ. ಒಂದೇ ಬಾಗಿಲಿರುವ ಕೋಣೆಯ ಎದುರು ಇಂಥ ಒಂದು ಗನ್ ನಿಂತರೆ ಸಾಕು, ಇಡೀ ತಂಡ ಒಳಗೇ ಬಂದಿ.

ಹಾಗಾದರೆ ಇನ್ನೊಂದು ಬಾಗಿಲು ಇಟ್ಟರಾಯಿತಲ್ಲ? ಹೊಸದಾಗಿ ಮ್ಯಾಪ್ ಕಟ್ಟುವವರು ಮೊದಲು ಮಾಡುವುದೇ ಅದು, ಎಡವುವುದೂ ಅಲ್ಲೇ. ಎರಡನೇ ಬಾಗಿಲು ಮೊದಲನೆಯದಕ್ಕಿಂತ 600 ಯೂನಿಟ್ ದೂರದಲ್ಲಿದ್ದು ಎರಡೂ ಒಂದೇ ಅಂಗಳಕ್ಕೆ ತೆರೆದರೆ, ನಡುವೆ ನಿಲ್ಲಿಸಿದ ಒಂದೇ ಗನ್ ಎರಡನ್ನೂ ಕಾಯುತ್ತದೆ. ಕಾಗದದ ಮೇಲೆ ಬಾಗಿಲು ಎರಡು, ಆಟದಲ್ಲಿ ಒಂದೇ. ಬಾಗಿಲು ಎಷ್ಟಿವೆ ಎಂದು ಎಣಿಸಿ ಫಲವಿಲ್ಲ. ಎರಡು ಬಾಗಿಲನ್ನೂ ಒಟ್ಟಿಗೆ ನೋಡಬಲ್ಲ ಜಾಗ ಹೊರಗೆ ಎಲ್ಲಾದರೂ ಇದೆಯೇ ಎಂದು ಹುಡುಕಬೇಕು. ಇದ್ದರೆ ನಡುವೆ ಗೋಡೆಯೋ ಕಟ್ಟಡದ ಮೂಲೆಯೋ ಬರುವಂತೆ ಮಾಡಿ ನೋಟ ಕಡಿಯಬೇಕು. ಒಂದು ದಾರಿ ನೆಲಮಟ್ಟದಲ್ಲಿ ಸಾಗಿದರೆ ಇನ್ನೊಂದು ಮಹಡಿಯ ಬಾಲ್ಕನಿಗೆ ಹೋಗಲಿ. ಮೇಲಿನಿಂದ ಬಂದವನು ಕೆಳಗೆ ಕಾಯುತ್ತಿರುವವನ ನೆತ್ತಿಯ ಮೇಲೆ ಇಳಿಯುತ್ತಾನೆ, ಕೆಳಗಿನವನು ಸುಲಭಕ್ಕೆ ಮೇಲೆ ಹತ್ತಲಾರ. ಬಾಗಿಲಿನ ಮುಂದಿನ ನೆಲದಲ್ಲಿ ಗನ್ ಕಟ್ಟಲೇ ಆಗದಂತೆ `func_nobuild` ಹಾಸುವುದೂ ಉಂಟು. ಅದು ತುರ್ತಿಗೆ ಹಾಕುವ ತೇಪೆ. ಅಂಥ ತೇಪೆ ದೊಡ್ಡದಾದಷ್ಟೂ ಆ ಅಂಗಳದ ಆಕಾರದಲ್ಲೇ ಏನೋ ತಪ್ಪಿದೆ ಎಂದು ನನಗೆ ಅನುಮಾನ ಬರುತ್ತದೆ.

ಗೋಡೆ, ಬಾಗಿಲು ಕಣ್ಣಿಗೆ ಕಾಣುವ ಸಂಗತಿ. ಕಾಣದ ಇನ್ನೊಂದಿದೆ, ಸಮಯ. ಈ ಆಟದಲ್ಲಿ ಸತ್ತವರು ಒಬ್ಬೊಬ್ಬರಾಗಿ ಏಳುವುದಿಲ್ಲ, ಅಲೆ ಅಲೆಯಾಗಿ ಒಟ್ಟಿಗೆ ಏಳುತ್ತಾರೆ. ಆದ್ದರಿಂದ ಬಾಗಿಲು ಕಾಯುವವನಿಗೆ ಎದುರಾಗುವುದು ಒಂಟಿ ಬೇಟೆಯಲ್ಲ, ಪೂರ್ತಿ ಆರೋಗ್ಯದ ಮೂರು ನಾಲ್ಕು ಜನರ ಗುಂಪು. ಯಾವ ತಂಡದ ಅಲೆ ಎಷ್ಟು ಸೆಕೆಂಡಿಗೊಮ್ಮೆ ಬರಬೇಕು ಎಂಬುದನ್ನು ಮ್ಯಾಪ್ ಕಟ್ಟುವವರೇ ನಿಗದಿ ಮಾಡಬಹುದು.

ಒಂದು ಸರಳ ಲೆಕ್ಕ ಹಾಕೋಣ. ಗಾಡಿ ಹಾದಿಯ ನಡುಮಧ್ಯದಲ್ಲಿದೆ. ಕೆಂಪು ಕೋಣೆಯಿಂದ ಅಲ್ಲಿಗೆ 8 ಸೆಕೆಂಡಿನ ಓಟ, ನೀಲಿ ಕೋಣೆಯಿಂದ 15. ಎರಡೂ ತಂಡಕ್ಕೆ ಹುಟ್ಟುವ ಕಾಯುವಿಕೆ ಸರಾಸರಿ 15 ಸೆಕೆಂಡು ಎಂದಾದರೆ ಕೆಂಪಿನವನು 23 ಸೆಕೆಂಡಿಗೆ ಕಣಕ್ಕೆ ಮರಳುತ್ತಾನೆ, ನೀಲಿಯವನು 30ಕ್ಕೆ. ಗಾಡಿ ಅಲುಗುವುದೇ ಇಲ್ಲ. ನೀಲಿಯ ಕಾಯುವಿಕೆಯನ್ನು 8ಕ್ಕೆ ಇಳಿಸಿದರೆ ಅವನೂ 23ಕ್ಕೆ ಬರುತ್ತಾನೆ, ಹೋರಾಟ ಸಮಬಲಕ್ಕೆ ಬರುತ್ತದೆ. ಈಗ ನೀಲಿಯವರು ಗಾಡಿ ಬಿಟ್ಟು ಕೆಂಪು ಬಾಗಿಲಿಗೇ ನುಗ್ಗಿದರು ಎನ್ನಿ. ಕೆಂಪಿನವನಿಗೆ ಅಲ್ಲಿಗೆ 2 ಸೆಕೆಂಡು, ಸತ್ತರೂ 17ರಲ್ಲಿ ವಾಪಸ್. ನೀಲಿಯವನ ಓಟ 25 ಸೆಕೆಂಡಿಗೆ ಏರಿದ್ದರಿಂದ ಅವನಿಗೆ 33. ಬಾಗಿಲು ಕಾಯುತ್ತಾ ಸತ್ತ ಪ್ರತಿಯೊಬ್ಬನ ಜಾಗ ತುಂಬಲು ಎದುರಾಳಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹೊತ್ತು ಬೇಕು. ಅದರ ಮೇಲೆ ಬಾಗಿಲ ಸುತ್ತಮುತ್ತ ಔಷಧದ ಪೆಟ್ಟಿಗೆಯನ್ನೂ ಗುಂಡಿನ ಪೆಟ್ಟಿಗೆಯನ್ನೂ ಇಡದಿದ್ದರೆ ಕಾಯುವವನ ಶಕ್ತಿ ಕರಗುತ್ತಲೇ ಹೋಗುತ್ತದೆ. ಯಾರೂ ನಿಷೇಧಿಸದೆಯೇ ಕ್ಯಾಂಪಿಂಗ್ ನಷ್ಟದ ವ್ಯಾಪಾರವಾಗುವುದು ಹೀಗೆ.

ಗಾಡಿ ಒಂದೊಂದು ಹಂತ ದಾಟಿದಾಗ ನೀಲಿಯ ಸ್ಪಾನ್ ಮುಂದಕ್ಕೆ, ಕೆಂಪಿನದು ಹಿಂದಕ್ಕೆ ಸರಿಯುತ್ತದೆ. ಈ ಬದಲಾವಣೆಯ ಗಳಿಗೆಯೇ ನಾಜೂಕಿನದು. ನೀಲಿಯ ಹೊಸ ಕೋಣೆ ತೀರಾ ಮುಂದಿದ್ದರೆ ಅದರ ಹೊರಗೆ ಕೆಂಪಿನವರ ಹಳೆಯ ಗನ್‌ಗಳು ಇನ್ನೂ ನಿಂತಿರುತ್ತವೆ, ಗೆದ್ದ ತಂಡವೇ ಸಿಕ್ಕಿಬೀಳುತ್ತದೆ. ತೀರಾ ಹಿಂದಿದ್ದರೆ ಗೆದ್ದ ಹಂತದಿಂದ ಏನೂ ದಕ್ಕಿದಂತಾಗುವುದಿಲ್ಲ.

ರಕ್ಷಣೆ ಅತಿಯಾದರೂ ಕಷ್ಟವೇ. ಕೋಣೆಯ ಬಾಗಿಲಿನಿಂದಲೇ ಗಾಡಿಯ ಹಾದಿ ಕಂಡರೆ ಸ್ನೈಪರ್ ಒಬ್ಬ ಒಳಗಿಂದ ಗುಂಡು ಹಾರಿಸಿ, ಗಾಯವಾದಾಗ ಬೀರು ಮುಟ್ಟಿ, ಮತ್ತೆ ಬಂದು ಹಾರಿಸುತ್ತಾನೆ. ಆಗ ಕ್ಯಾಂಪಿಂಗ್ ತಲೆಕೆಳಗಾಗುತ್ತದೆ. ಅದಕ್ಕೇ ಕೋಣೆಯಿಂದ ಹೊರಡುವ ದಾರಿಗೆ ಒಂದು ತಿರುವು ಕೊಟ್ಟು ಹಾದಿಯನ್ನು ಮರೆಮಾಡುತ್ತಾರೆ.

ಎಲ್ಲ ಆಟಗಳೂ ಕೋಣೆ ಕಟ್ಟುವುದಿಲ್ಲ. ಕಾಲ್ ಆಫ್ ಡ್ಯೂಟಿಯಲ್ಲಿ ಮ್ಯಾಪ್ ತುಂಬ ಹರಡಿದ ಸ್ಪಾನ್ ಪಾಯಿಂಟ್‌ಗಳಲ್ಲಿ ಯಾವುದು ಸುರಕ್ಷಿತ ಎಂದು ಆಟವೇ ಆ ಕ್ಷಣ ಅಳೆದು ಆರಿಸುತ್ತದೆ: ಶತ್ರು ಎಷ್ಟು ದೂರ, ಅವನ ಕಣ್ಣಿಗೆ ಬೀಳುತ್ತದೆಯೇ, ಗೆಳೆಯರು ಹತ್ತಿರ ಇದ್ದಾರೆಯೇ. ಆದರೆ ಈ ಲೆಕ್ಕವನ್ನು ಅರಿತ ತಂಡ ಬೇಕೆಂದ ಕಡೆ ನಿಂತು ಎದುರಾಳಿ ಸದಾ ಒಂದೇ ಮೂಲೆಯಲ್ಲಿ ಹುಟ್ಟುವಂತೆ ಮಾಡಬಲ್ಲದು. 2010ರ ಬ್ಲ್ಯಾಕ್ ಆಪ್ಸ್‌ನ ನ್ಯೂಕ್‌ಟೌನ್ ಮ್ಯಾಪ್ ಇದಕ್ಕೇ ಕುಖ್ಯಾತ. ಎದುರುಬದುರು ಎರಡು ಮನೆ, ಅವುಗಳ ಹಿತ್ತಲು, ಅಷ್ಟೇ ಜಾಗ. ಸುರಕ್ಷಿತ ಮೂಲೆಗಳೇ ಕಡಿಮೆಯಿದ್ದಾಗ ಎಂಥ ಲೆಕ್ಕವಾದರೂ ಎಲ್ಲಿಂದ ಆರಿಸೀತು?

ತಪ್ಪಿದೆ ಎಂದು ಗೊತ್ತಾಗುವುದು ಆಡಿಸಿ ನೋಡಿದಾಗಲೇ. ಬಣ್ಣ, ಅಲಂಕಾರ ಹಚ್ಚುವ ಮುಂಚೆ ಬರೀ ಡಬ್ಬಿಗಳಂಥ ಗೋಡೆ ನಿಲ್ಲಿಸಿ ಆಡಿಸುತ್ತಾರೆ. ಯಾರು ಎಲ್ಲಿ ಸತ್ತರು ಎಂಬುದನ್ನು ನಕ್ಷೆಯ ಮೇಲೆ ಚುಕ್ಕಿ ಹಾಕಿ ಹೀಟ್‌ಮ್ಯಾಪ್ ತೆಗೆಯುತ್ತಾರೆ. ಗಾಡಿಯ ಸುತ್ತ ಚುಕ್ಕಿ ದಟ್ಟವಾಗಿದ್ದರೆ ಚಿಂತೆಯಿಲ್ಲ, ಅಲ್ಲಿ ಸಾಯಲೆಂದೇ ಆಟ ಇರುವುದು. ಬಾಗಿಲ ಹೊರಗೆ ಗುಂಪುಗಟ್ಟಿದ್ದರೆ, ಅದರಲ್ಲೂ ಹುಟ್ಟಿ ಐದು ಸೆಕೆಂಡಿನೊಳಗೆ ಸತ್ತವರ ಚುಕ್ಕಿಗಳಾಗಿದ್ದರೆ, ಆ ಅಂಗಳದ ಗೋಡೆಗಳನ್ನು ಒಡೆದು ಮತ್ತೆ ಕಟ್ಟಬೇಕು. ಸಂಖ್ಯೆ ಹೇಳದ್ದನ್ನು ಆಟಗಾರರ ನಡೆ ಹೇಳುತ್ತದೆ: ಎರಡನೇ ಬಾಗಿಲು ಇದ್ದೂ ಯಾರೂ ಅತ್ತ ಹೋಗುತ್ತಿಲ್ಲವೆಂದರೆ ಅದು ಅವರ ಕಣ್ಣಿಗೆ ಬಿದ್ದಿಲ್ಲ, ಇಲ್ಲವೇ ಆ ದಾರಿ ಬಳಸು. ಹುಟ್ಟಿದಾಗ ಮುಖ ಆ ಬಾಗಿಲಿನ ಕಡೆಗೇ ಇರುವಂತೆ ಸ್ಪಾನ್ ಪಾಯಿಂಟನ್ನು ತಿರುಗಿಸಿಟ್ಟರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.