ಆಷಾಢದ ಖಾಲಿ ಕುರ್ಚಿಗೆ ಮೇಕಪ್ ಕ್ಲಾಸ್

ಆಷಾಢ ಬಂತೆಂದರೆ ಪಾರ್ಲರ್‌ಗೆ ಮದುವೆ ಬುಕಿಂಗ್ ಬರುವುದಿಲ್ಲ. ಬಾಡಿಗೆ, ಕರೆಂಟ್ ಬಿಲ್, ಸಹಾಯಕಿಯ ಸಂಬಳ ಮಾತ್ರ ತಪ್ಪುವುದಿಲ್ಲ. ಆದರೆ ಹೊಸದಾಗಿ ಮದುವೆಯಾದ ಹುಡುಗಿಯರು ತವರಿಗೆ ಬಂದು ಕೂತಿರುವುದೂ ಇದೇ ತಿಂಗಳು. ಬೇಕಾದಷ್ಟು ಬಿಡುವು, ಬೀರು ತುಂಬ ರೇಷ್ಮೆ ಸೀರೆ, ಹೇಗೆ ಬಳಸಬೇಕೆಂದು ಗೊತ್ತಿಲ್ಲದ ಹೊಸ ಮೇಕಪ್ ಕಿಟ್; ಶ್ರಾವಣಕ್ಕೆ ವರಮಹಾಲಕ್ಷ್ಮಿ ಹಬ್ಬ ಬೇರೆ. ಐದು ದಿನದ ಸೆಲ್ಫ್ ಮೇಕಪ್ ಕ್ಲಾಸಿಗೆ ಇವರಿಗಿಂತ ಒಳ್ಳೆಯ ವಿದ್ಯಾರ್ಥಿಗಳು ಸಿಗಲಾರರು.

ಶುಲ್ಕ ಎಷ್ಟಿಡಬೇಕು? ‘ಎದುರಿನ ಪಾರ್ಲರ್‌ನವರು ಮೂರು ಸಾವಿರ ತಗೊಳ್ತಾರೆ, ನಾವು ಎರಡೂವರೆ ಇಡೋಣ’ ಎಂಬ ಲೆಕ್ಕವೇ ಹೆಚ್ಚು ಕಡೆ ನಡೆಯುವುದು. ಅದು ಅವರ ಖರ್ಚಿನ ಲೆಕ್ಕ, ನಿಮ್ಮದಲ್ಲ. ದಾವಣಗೆರೆಯಂಥ ಊರಲ್ಲಿ ಎರಡು ಕುರ್ಚಿಯ ಪಾರ್ಲರ್ ಇದೆ ಎಂದುಕೊಳ್ಳಿ. ಬೆಳಿಗ್ಗೆ 11ರಿಂದ 1ರವರೆಗೆ, ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಕ್ಲಾಸ್. ಆ ಹೊತ್ತಿಗೆ ಬರಬಹುದಾಗಿದ್ದ ಫೇಷಿಯಲ್, ಥ್ರೆಡಿಂಗ್ ಕೈತಪ್ಪಿದರೆ ದಿನಕ್ಕೆ ಸರಾಸರಿ 400 ರೂಪಾಯಿ, ಐದು ದಿನಕ್ಕೆ 2,000. ಕಲಿಸುವ ಹತ್ತು ಗಂಟೆಗೆ ತಯಾರಿಯ ನಾಲ್ಕು ಗಂಟೆ ಸೇರಿಸಿ. ಗಂಟೆಗೆ 300ರಂತೆ ನಿಮ್ಮ ಕೂಲಿ 4,200. ಅದನ್ನು ಬರೆಯದೆ ಬಿಡುವವರೇ ಬಹಳ. ಪೋಸ್ಟರ್, ಟೀ, ಚಿಲ್ಲರೆ ಖರ್ಚಿಗೆ 800. ಒಟ್ಟು 7,000, ಒಬ್ಬರು ಬಂದರೂ ನಾಲ್ವರು ಬಂದರೂ ಇದು ಬದಲಾಗದು. ಇದರ ಮೇಲೆ ಸ್ಪಂಜು, ಪಫ್, ಕ್ರೀಮು, ಒಮ್ಮೆ ಬಳಸಿ ಎಸೆಯುವ ಮಸ್ಕಾರಾ ಕಡ್ಡಿ ಎಂದು ತಲೆಗೆ ಸುಮಾರು 900.

ನಾಲ್ಕು ಜನ ಸೇರಿದರೆ ಒಟ್ಟು ಖರ್ಚು 10,600, ತಲೆಗೆ 2,650. ಇದನ್ನು ನೋಡಿ 2,800 ಶುಲ್ಕ ಇಟ್ಟಿರೋ, ಕೊನೇ ಗಳಿಗೆಯಲ್ಲಿ ಒಬ್ಬಾಕೆ ಕೈಕೊಟ್ಟರೆ ಬರುವುದು 8,400, ಖರ್ಚು 9,700. ಹಾಗಾಗಿ ಒಂದು ಸೀಟು ಖಾಲಿ ಉಳಿಯುತ್ತದೆ ಎಂದೇ ಲೆಕ್ಕ ಹಾಕಬೇಕು. ಮೂವರಿಗೆ ತಲೆಗೆ 3,233 ಬೀಳುತ್ತದೆ. ಶುಲ್ಕ 3,500 ಇಡಿ. ಮೂವರಾದರೆ ಕೂಲಿ ಕಳೆದು 800 ಮಿಗುತ್ತದೆ, ನಾಲ್ವರಾದರೆ 3,400. ಇಬ್ಬರೇ ಆದರೆ ನಿಮ್ಮ ಕೂಲಿಯಲ್ಲೇ 1,800 ಖೋತಾ. ಆಗ ಬ್ಯಾಚ್ ಮುಂದೂಡುವುದೇ ಸರಿ. ಸಾವಿರ ರೂಪಾಯಿ ಮುಂಗಡ ಕೊಟ್ಟವರ ಹೆಸರು ಮಾತ್ರ ಪಟ್ಟಿಗೆ. ‘ಬರ್ತೀನಿ ಅಕ್ಕಾ’ ಎಂದವರೆಲ್ಲ ಬರುವುದಿಲ್ಲ.

ಹಳೇ ಗಿರಾಕಿಗಳು ಚೌಕಾಸಿ ಮಾಡಿಯೇ ಮಾಡುತ್ತಾರೆ. ಶುಲ್ಕ ಇಳಿಸಿದರೆ ಆ ಸುದ್ದಿ ಸಂಜೆಯೊಳಗೆ ಉಳಿದವರ ಕಿವಿಗೂ ಬೀಳುತ್ತದೆ. ಅದರ ಬದಲು ಒಂದು ಸಲ ಐಬ್ರೋ ಉಚಿತವಾಗಿ ಮಾಡಿಕೊಡಿ. ನಿಮಗೆ ಖರ್ಚಾಗುವುದು ಒಂದಿಷ್ಟು ದಾರ, ಹತ್ತು ನಿಮಿಷ.

ನಾಲ್ಕಕ್ಕಿಂತ ಹೆಚ್ಚು ಜನ ಬೇಡ ಎನ್ನುವುದಕ್ಕೆ ಕಾರಣ ಮೊದಲ ದಿನವೇ ತಿಳಿಯುತ್ತದೆ. ಅಂದು ಇಡೀ ಎರಡು ಗಂಟೆ ಬೇಸ್‌ಗೇ ಹೋಗುತ್ತದೆ, ಹೋಗಲಿ. ಹೆಚ್ಚಿನವರು ಫೌಂಡೇಶನ್ ಛಾಯೆಯನ್ನು ಮುಂಗೈ ಮೇಲೆ ನೋಡಿ, ತಮಗಿಂತ ತುಸು ಬೆಳ್ಳಗಿನದನ್ನೇ ಕೊಂಡಿರುತ್ತಾರೆ. ದವಡೆಯಂಚಿನಲ್ಲಿ ಮೂರು ಗೆರೆ ಎಳೆಸಿ, ಬಾಗಿಲ ಬಳಿ ಬಿಸಿಲ ಬೆಳಕಿಗೆ ಕರೆದೊಯ್ದು ಕನ್ನಡಿ ಕೊಡಿ. ಕತ್ತಿನ ಬಣ್ಣದೊಳಗೆ ಕಾಣದಂತೆ ಬೆರೆತ ಗೆರೆಯೇ ಅವಳ ಛಾಯೆ. ಬೂದಿ ಬಳಿದಂತೆ ಕಂಡದ್ದು ಅವಳದಲ್ಲ. ಆದರೂ ಅವಸರ ಬೇಡ, ಹತ್ತು ನಿಮಿಷ ಬಿಡಿ. ಕೆಲವು ಫೌಂಡೇಶನ್ ಒಣಗುತ್ತ ಕಪ್ಪಿಡುತ್ತವೆ. ಆಮೇಲೆ ಮೊಬೈಲ್ ಫ್ಲ್ಯಾಷ್ ಹಾಕಿ ಒಂದು ಫೋಟೋ ತೆಗೆಯಿರಿ: ಸನ್‌ಸ್ಕ್ರೀನ್‌ನಲ್ಲಿರುವ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಫ್ಲ್ಯಾಷ್‌ನಲ್ಲಿ ಮುಖವನ್ನು ಬೆಳ್ಳಗೆ ಮಿಂಚಿಸಬಹುದು. ಇಷ್ಟನ್ನು ಪ್ರತಿಯೊಬ್ಬಳ ಮುಖದಲ್ಲೂ ನಿಂತು ನೋಡಬೇಕು; ಆರು ಜನರಿದ್ದರೆ ಇಬ್ಬರು ಸುಮ್ಮನೆ ಕೂರುತ್ತಾರೆ.

ಎರಡನೇ ದಿನ ಕಣ್ಣು, ಹುಬ್ಬು. ಮೂರನೇ ದಿನ ಸೀರೆ ನೆರಿಗೆ, ತುರುಬು. ನಾಲ್ಕನೇ ದಿನ ಅವರವರ ಕಿಟ್‌ನಿಂದಲೇ ಪೂರ್ತಿ ಮೇಕಪ್. ಅವಧಿ ಮೀರಿದ್ದನ್ನು, ತೆರೆದು ಆರು ತಿಂಗಳಾದ ಮಸ್ಕಾರಾವನ್ನು ಅಂದೇ ಡಸ್ಟ್‌ಬಿನ್‌ಗೆ ಹಾಕಿಸಿ. ಕೊನೇ ದಿನ ನಿಮ್ಮ ಕೈ ಸೋಕದಂತೆ ಮುಕ್ಕಾಲು ಗಂಟೆಯಲ್ಲಿ ಅವಳೇ ಸಿದ್ಧಳಾಗಬೇಕು.

ಹೆಸರು ಬರೆಸಲು ಬಂದ ದಿನವೇ ಕಿವಿಯ ಹಿಂದೆ ನಿಮ್ಮ ಕ್ರೀಮನ್ನು ತುಸು ಹಚ್ಚಿ, ಒಂದು ದಿನ ಕಾದು ನೋಡಲು ಹೇಳಿ. ತುರಿಕೆ ಎದ್ದರೆ ಅದು ಅವಳಿಗೆ ಬೇಡ. ಒಬ್ಬರ ಕಾಜಲ್ ಇನ್ನೊಬ್ಬರ ಕಣ್ಣಿಗೆ ಹೋಗಕೂಡದು. ಲಿಪ್‌ಸ್ಟಿಕ್ಕನ್ನು ಸ್ಪ್ಯಾಚುಲಾದಲ್ಲಿ ಕೆರೆದು ತಟ್ಟೆಗೆ ಹಾಕಿಯೇ ಕೊಡಿ. ಫೋಟೋ ಸ್ಟೇಟಸ್‌ಗೆ ಹಾಕುವ ಮುಂಚೆ ಕೇಳಿ, ಅತ್ತೆ ಮನೆಯವರು ನೋಡುತ್ತಾರೆಂದು ಬೇಡ ಎನ್ನುವವರಿದ್ದಾರೆ.

ಈ ಶುಲ್ಕ ಪಾರ್ಲರ್‌ನ ವಹಿವಾಟಿಗೇ ಸೇರುತ್ತದೆ. ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹತ್ತು ಗಂಟೆ ಕಲಿತವರಿಗೆ ‘ಮೇಕಪ್ ಆರ್ಟಿಸ್ಟ್’ ಎಂದು ಸರ್ಟಿಫಿಕೇಟ್ ಬರೆದುಕೊಡುವ ಚಪಲ ನನಗಂತೂ ಹಿಡಿಸದು. ‘ಸೆಲ್ಫ್ ಮೇಕಪ್, 10 ಗಂಟೆ, ಭಾಗವಹಿಸಿದ್ದಾರೆ’ ಎಂದಷ್ಟೇ ಬರೆಯಿರಿ. ಮದುಮಗಳ ಮೇಕಪ್ ಕಲಿಸಿ ಎಂದು ಬಂದವರಿಗೆ ಅದು ಬೇರೆ ಕೋರ್ಸ್, ಬೇರೆ ಶುಲ್ಕ ಎಂದು ಮುಂಗಡ ತೆಗೆದುಕೊಳ್ಳುವ ಮೊದಲೇ ಹೇಳಿಬಿಡಿ.