ಬೇರೆಯವರಿಗೆ ಕಡಿಮೆಗೆ ಕೊಟ್ಟರೆ ನಮಗೂ ಕೊಡಿ

ಪೀಣ್ಯದ ಒಂದು ಡೈ ಕಾಸ್ಟಿಂಗ್ ಘಟಕ ಪಂಪ್ ತಯಾರಿಸುವ ದೊಡ್ಡ ಕಂಪನಿಗೆ ಮೋಟಾರಿನ ಅಲ್ಯೂಮಿನಿಯಂ ಬಾಡಿ ಪೂರೈಸುತ್ತದೆ ಎಂದುಕೊಳ್ಳೋಣ. ಐದು ವರ್ಷದ ಒಪ್ಪಂದ, ತಿಂಗಳಿಗೆ 20,000 ನಗ, ನಗವೊಂದಕ್ಕೆ 180 ರೂಪಾಯಿ. ಹಣ ಬರುವುದು 45 ದಿನಕ್ಕೆ. ಸಣ್ಣ ಉದ್ದಿಮೆಗಳ ಬಾಕಿಗೆ ಕಾನೂನು ಕೊಡುವ ಗರಿಷ್ಠ ಗಡುವೂ ಅಷ್ಟೇ. ಒಪ್ಪಂದದ ನಡುವೆ ಎಲ್ಲೋ ಒಂದು ಸಾಲು: ಇದೇ ಮಾಲನ್ನು ಬೇರೆ ಯಾರಿಗಾದರೂ ಕಡಿಮೆ ದರಕ್ಕೆ ಕೊಟ್ಟರೆ ಆ ದರ ನಮಗೂ ಅನ್ವಯಿಸುತ್ತದೆ. ವಕೀಲರು ಇದನ್ನು ‘ಮೋಸ್ಟ್ ಫೇವರ್ಡ್ ಕಸ್ಟಮರ್’ ಷರತ್ತು ಎನ್ನುತ್ತಾರೆ. ದೊಡ್ಡ ಆರ್ಡರ್ ಸಿಕ್ಕ ಖುಷಿಯಲ್ಲಿ ಈ ಸಾಲು ಸುಮ್ಮನೆ ದಾಟಿಹೋಗುತ್ತದೆ.

ಆಮೇಲೆ ಒಬ್ಬ ಸಣ್ಣ ಗಿರಾಕಿ ಬರುತ್ತಾನೆ. ತಿಂಗಳಿಗೆ 2,000 ನಗ, 174 ರೂಪಾಯಿ, ರೊಕ್ಕ ಕೈಮೇಲೆ, ಲಾರಿಯೂ ಅವನದೇ. ಯಂತ್ರ ಖಾಲಿ ನಿಲ್ಲುವುದಕ್ಕಿಂತ ಇದು ವಾಸಿ ಎಂದು ಮಾಲೀಕ ಒಪ್ಪುತ್ತಾನೆ. ದೊಡ್ಡ ಕಂಪನಿ ಷರತ್ತು ತೋರಿಸಿ ನಗಕ್ಕೆ 6 ರೂಪಾಯಿ ಕಡಿಮೆ ಮಾಡು ಎಂದರೆ ತಿಂಗಳಿಗೆ 1,20,000 ರೂಪಾಯಿ ಹೋಯಿತು. ಹೊಸ ಆರ್ಡರಿನ ಇಡೀ ವಹಿವಾಟೇ 3,48,000.

ನಿಜವಾಗಿ 174 ಕಡಿಮೆ ದರವೇ? ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಹಿಡಿದರೆ, 180 ರೂಪಾಯಿಗೆ 45 ದಿನ ಕಾಯುವ ಖರ್ಚು ಸುಮಾರು 2 ರೂಪಾಯಿ 70 ಪೈಸೆ. ಪ್ಯಾಕಿಂಗ್ ಮತ್ತು ಸಾಗಣೆಗೆ ನಗಕ್ಕೆ 4 ರೂಪಾಯಿ ಬೀಳುತ್ತದೆ ಎನ್ನಿ. ಎರಡನ್ನೂ ಕೂಡಿಸಿದರೆ 174 ಹೋಗಿ 180 ದಾಟುತ್ತದೆ. ಹಾಗಾಗಿ ಮಾರುವವನು ಬರೆಸಬೇಕಾದದ್ದು ಇಷ್ಟು: ಹೋಲಿಕೆ ಅದೇ ಮಾಲು, ಅಷ್ಟೇ ಅಥವಾ ಕಡಿಮೆ ಪ್ರಮಾಣ, ಅದೇ ಪಾವತಿ ಗಡುವು, ಅದೇ ಸಾಗಣೆ ಹೊಣೆ ಇರುವ ಮಾರಾಟದ ಜೊತೆ ಮಾತ್ರ, ಇಳಿಕೆ ಮುಂದಿನ ಬಿಲ್ಲುಗಳಿಗೆ ಮಾತ್ರ.

ಕೊಳ್ಳುವವನ ಆತಂಕವೇ ಬೇರೆ. ಇನ್ನೊಬ್ಬ ಗಿರಾಕಿಯ ಬಿಲ್ಲಿನಲ್ಲಿ 180 ಎಂದೇ ಬರೆದು ವರ್ಷದ ಕೊನೆಗೆ ಕ್ರೆಡಿಟ್ ನೋಟ್ ಕೊಟ್ಟರೆ? ಸೋದರ ಸಂಸ್ಥೆಯ ಹೆಸರಿನಲ್ಲಿ ಮಾರಿದರೆ? ಆದ್ದರಿಂದ ಅವನು ರಿಯಾಯಿತಿ, ವರ್ಷಾಂತ್ಯದ ಬೋನಸ್ಸು, ಉಚಿತ ಡೈ ಎಲ್ಲವನ್ನೂ ಕಳೆದ ನಿವ್ವಳ ದರ ಎಂದು ಬರೆಸಬೇಕು. ಸೋದರ ಸಂಸ್ಥೆಗಳನ್ನೂ ಸೇರಿಸಬೇಕು. ತಪಾಸಣೆಯಲ್ಲಿ ಮಾತ್ರ ಇಬ್ಬರೂ ಜಗ್ಗಾಡುತ್ತಾರೆ, ಏಕೆಂದರೆ ಲೆಕ್ಕದ ಪುಸ್ತಕ ತೆರೆದರೆ ಉಳಿದ ಗಿರಾಕಿಗಳ ಗುಟ್ಟು ಬಯಲಾಗುತ್ತದೆ. ವರ್ಷಕ್ಕೊಮ್ಮೆ ಇಬ್ಬರೂ ಒಪ್ಪಿದ ಚಾರ್ಟರ್ಡ್ ಅಕೌಂಟೆಂಟ್ ಪುಸ್ತಕ ನೋಡಿ, ಉಲ್ಲಂಘನೆ ಇದೆಯೇ, ಇದ್ದರೆ ವ್ಯತ್ಯಾಸ ಎಷ್ಟು ಎಂದಷ್ಟೇ ತಿಳಿಸುವ ಏರ್ಪಾಡು ನನಗೆ ಸರಿಯೆನಿಸುತ್ತದೆ.

ದರ ಪರಿಷ್ಕರಣೆಯ ಷರತ್ತಿನಲ್ಲಿ ಎಡವುವುದು ಲೆಕ್ಕದಲ್ಲಿ. ನಮ್ಮ ಬಾಡಿಯಲ್ಲಿ 600 ಗ್ರಾಂ ಲೋಹವಿದೆ. ಕಿಲೋಗೆ 200ರಂತೆ 120 ರೂಪಾಯಿ. ಉಳಿದ 60 ಕರೆಂಟು, ಕೂಲಿ, ಲಾಭ. ಅಲ್ಯೂಮಿನಿಯಂ 230ಕ್ಕೆ ಏರಿದರೆ ಲೋಹದ ಪಾಲು 18 ಹೆಚ್ಚಿ ದರ 198 ಆಗಬೇಕು. ಆದರೆ ‘ಲೋಹ ಏರಿದ ಪ್ರಮಾಣದಲ್ಲಿ ದರ ಏರತಕ್ಕದ್ದು’ ಎಂದು ಬರೆದಿದ್ದರೆ ನೂರಕ್ಕೆ 15ರ ಏರಿಕೆ ಇಡೀ 180ಕ್ಕೂ ತಗುಲಿ 207 ಆಗುತ್ತದೆ. ಕೊಳ್ಳುವವನಿಗೆ ತಿಂಗಳಿಗೆ 1,80,000 ನಷ್ಟ. ಲೋಹ ಇಳಿದಾಗ ಅದೇ ಸಾಲು ಮಾರುವವನ ಕೂಲಿಯನ್ನೂ ಕತ್ತರಿಸುತ್ತದೆ. ಸೂತ್ರ ಲೋಹದ ಪಾಲಿಗೆ ಮಾತ್ರ ಅಂಟಬೇಕು. ಯಾರು ಪ್ರಕಟಿಸುವ ದರ, ಯಾವ ತಿಂಗಳ ಸರಾಸರಿ ಎಂಬುದೂ ಬರಹದಲ್ಲಿರಬೇಕು.

ಸರಾಸರಿಯ ಅವಧಿ ಸಣ್ಣ ವಿಷಯವಲ್ಲ. ಪೆಟ್ರೊನೆಟ್ ಎಲ್‌ಎನ್‌ಜಿ 1999ರಲ್ಲಿ ಕತಾರಿನ ರಾಸ್‌ಗ್ಯಾಸ್ ಜೊತೆ ಮಾಡಿಕೊಂಡ 25 ವರ್ಷಗಳ ಒಪ್ಪಂದದಲ್ಲಿ ಅನಿಲದ ದರ ಕಚ್ಚಾತೈಲದ 60 ತಿಂಗಳ ಸರಾಸರಿಗೆ ತಳುಕುಹಾಕಿಕೊಂಡಿತ್ತು. 2014ರಲ್ಲಿ ತೈಲ ಕುಸಿದರೂ ಹಳೆಯ ದುಬಾರಿ ವರ್ಷಗಳ ಭಾರದಿಂದ ಅನಿಲದ ದರ ಇಳಿಯಲಿಲ್ಲ. ಪೆಟ್ರೊನೆಟ್ 2015ರಲ್ಲಿ ಒಪ್ಪಿದ್ದಕ್ಕಿಂತ ಕಡಿಮೆ ಅನಿಲ ಎತ್ತಿಕೊಂಡಿತು. ‘ಎತ್ತದಿದ್ದರೂ ಹಣ ಕೊಡು’ ಎಂಬ ಷರತ್ತಿನಂತೆ ದೊಡ್ಡ ದಂಡ ತಲೆಯ ಮೇಲೆ ಬಂತು. ಆ ವರ್ಷದ ಕೊನೆಗೆ ಸೂತ್ರ 3 ತಿಂಗಳ ಸರಾಸರಿಗೆ ಬದಲಾಗಿ ದರ ಹೆಚ್ಚುಕಡಿಮೆ ಅರ್ಧವಾಯಿತು, ದಂಡ ಮನ್ನಾ ಆಯಿತು. ಬದಲಿಗೆ ಪೆಟ್ರೊನೆಟ್ ಇನ್ನಷ್ಟು ಅನಿಲ ಕೊಳ್ಳಲು ಒಪ್ಪಿತು.

ಮಾತುಕತೆ ಮುರಿದರೆ ಏನು ಎಂಬುದನ್ನೂ ಮೊದಲೇ ಬರೆದಿಡಿ. ಅಲ್ಲಿಯವರೆಗೆ ಹಳೆಯ ದರದಲ್ಲೇ ಪೂರೈಕೆ, 30 ದಿನದಲ್ಲಿ ಹೆಸರಿಸಿದ ತಜ್ಞರ ತೀರ್ಮಾನ, ವ್ಯತ್ಯಾಸ ಮುಂದಿನ ಬಿಲ್ಲಿನಲ್ಲಿ. ‘ಪರಸ್ಪರ ಒಪ್ಪಿ ನಿಗದಿಪಡಿಸತಕ್ಕದ್ದು’ ಎಂದಷ್ಟೇ ಬಿಟ್ಟ ಸಾಲು ಜಗಳದ ದಿನ ಯಾರಿಗೂ ಆಸರೆಯಾಗದು. 1872ರ ಭಾರತೀಯ ಕರಾರು ಕಾಯ್ದೆಯ 29ನೇ ಕಲಮಿನಂತೆ, ಅರ್ಥ ಖಚಿತವಿಲ್ಲದ, ಖಚಿತಪಡಿಸಿಕೊಳ್ಳಲೂ ಆಗದ ಕರಾರು ಅನೂರ್ಜಿತ. ಅದೇ ಕಲಮಿನ ಉದಾಹರಣೆಯೊಂದು, ದರವನ್ನು ಗೊತ್ತಾದ ಮೂರನೆಯ ವ್ಯಕ್ತಿ ನಿಗದಿಪಡಿಸುವ ಅಕ್ಕಿ ಮಾರಾಟದ ಕರಾರು ಊರ್ಜಿತ ಎನ್ನುತ್ತದೆ.